‘ಬ್ರೇಕ್‌ಡೌನ್ ಅರ್ಧಕ್ಕೆ ಇಳಿಸಿದ್ದೇ ನಾನು’ ಅಂತ ಅಪ್ರೈಸಲ್‌ನಲ್ಲಿ ಬರೆಯೋ ಮುಂಚೆ

ಪ್ರಶ್ನೆ: ಸರ್, ಮೈಸೂರಿನ ಹೂಟಗಳ್ಳಿ ಕಡೆ ಒಂದು ಕುರುಕು ತಿಂಡಿ ಫ್ಯಾಕ್ಟರಿಯಲ್ಲಿ ಮೆಂಟೆನೆನ್ಸ್ ಎಂಜಿನಿಯರ್ ನಾನು. ಮಂಡ್ಯದಿಂದ ದಿನಾ ಟ್ರೈನಲ್ಲಿ ಓಡಾಟ. ಸೆಲ್ಫ್ ಅಪ್ರೈಸಲ್ ಶುಕ್ರವಾರದೊಳಗೆ ಮ್ಯಾನೇಜರ್‌ಗೆ ಕಳಿಸ್ಬೇಕು. ವರ್ಷವೆಲ್ಲ ಫೋನಲ್ಲಿ ಗೀಚಿಟ್ಟಿದ್ದು ಇಷ್ಟು: ‘2ನೇ ಲೈನ್ ಬ್ರೇಕ್‌ಡೌನ್ ಅರ್ಧಕ್ಕೆ ಇಳಿಸಿದ್ದೇ ನಾನು, 312 ಗಂಟೆ ಇದ್ದದ್ದು 168. ಕಂಪ್ರೆಸರ್‌ನಲ್ಲಿ ಕಂಪನಿಗೆ ಲಕ್ಷಗಟ್ಟಲೆ ಉಳಿಸ್ಕೊಟ್ಟೆ. ಹೊಸ ಹುಡುಗರಿಗೆಲ್ಲ ಕೆಲಸ ಕಲಿಸಿದ್ದು ನಾನೇ. ದಸರಾದಲ್ಲೂ ಡ್ಯೂಟಿ, ನಾನಿಲ್ದೆ ಇದ್ರೆ ಲೈನ್ ಮಲಗ್ತಿತ್ತು.’ ಹೀಗೇ ಹಾಕಿದ್ರೆ ಜಂಬ ಅನ್ಸುತ್ತೆ, ಹಾಕ್ದೆ ಹೋದ್ರೆ ಮಾಡಿದ್ದು ಯಾರಿಗೂ ಗೊತ್ತಾಗಲ್ಲ. ಬ್ರೇಕ್‌ಡೌನ್ ಶೀಟ್ ಜೊತೆಗಿಟ್ಟಿದ್ದೀನಿ. ಹೇಗೆ ಬರೀಲಿ?

ಉತ್ತರ: ಶೀಟ್ ಕಳಿಸಿದ್ದು ಒಳ್ಳೇದಾಯ್ತು. ಬರೀ ಟಿಪ್ಪಣಿ ಕಳಿಸಿದ್ದರೆ ನಾನೂ ‘ಸ್ವಲ್ಪ ವಿನಯವಾಗಿ ಬರೀರಿ’ ಅಂತ ಹೇಳಿ ಮುಗಿಸುತ್ತಿದ್ದೆ, ಅದರಿಂದ ನಿಮಗೆ ಏನೂ ಉಪಯೋಗ ಆಗುತ್ತಿರಲಿಲ್ಲ. ‘ನಾನೇ’ ಅನ್ನೋದನ್ನ ‘ನಾವು’ ಮಾಡಿ, ‘ಇಳಿಸಿದೆ’ ಅನ್ನೋದನ್ನ ‘ಇಳಿಸಲು ಶ್ರಮಿಸಿದೆ’ ಮಾಡಿದರೆ ಮಾತು ಮೆತ್ತಗಾಗುತ್ತೆ, ಆದರೆ ಲೆಕ್ಕ ತಪ್ಪಿದ್ದರೆ ತಪ್ಪೇ. ಎಷ್ಟೋ ವರ್ಷ ಇಂಥ ಫಾರ್ಮ್‌ಗಳನ್ನ ಓದೋ ಕಡೆ ಕೂತವನು ನಾನು. ಓದುವವನಿಗೆ ಜಂಬ ಅಷ್ಟೇನೂ ಚುಚ್ಚಲ್ಲ. ತನ್ನ ಹತ್ತಿರ ಇರೋ ಅಂಕಿಗೂ ನಿಮ್ಮ ಫಾರ್ಮ್‌ನ ಅಂಕಿಗೂ ತಾಳೆ ಆಗದೇ ಹೋದಾಗ ಮಾತ್ರ ಪೆನ್ನು ಕೆಳಗಿಡುತ್ತಾನೆ.

ಇನ್ನೊಂದು ವಿಷಯ ನೆನಪಿಡಿ. ನಿಮ್ಮ ಮ್ಯಾನೇಜರ್ ಈ ಫಾರ್ಮ್ ಓದಿ ಸುಮ್ನೆ ಮಡಚಿಡಲ್ಲ. ಬಹಳಷ್ಟು ಕಂಪನಿಗಳಲ್ಲಿ ರೇಟಿಂಗ್ ಹಾಕಿದ ಮೇಲೆ ಎಲ್ಲ ಡಿಪಾರ್ಟ್‌ಮೆಂಟ್ ಹೆಡ್‌ಗಳು ಎಚ್‌ಆರ್ ಜೊತೆ ಒಂದು ರೂಮಲ್ಲಿ ಕೂತು ಅದನ್ನ ಸರಿದೂಗಿಸುತ್ತಾರೆ. ಅಲ್ಲಿ ನೀವಿರಲ್ಲ. ಪ್ರೊಡಕ್ಷನ್ ಹೆಡ್ ಇರ್ತಾರೆ, ‘ಬ್ರೇಕ್‌ಡೌನ್ ಅರ್ಧ ಆಯ್ತಾ? ನಮ್ಮ ರಿಜಿಸ್ಟರ್ ಹಾಗೆ ಹೇಳಲ್ವಲ್ಲ’ ಅಂತ ಕೇಳ್ತಾರೆ. ಆಗ ನಿಮ್ಮ ಮ್ಯಾನೇಜರ್ ಬಾಯಲ್ಲಿ ಹೇಳೋಕೆ ಒಂದು ವಾಕ್ಯ ಬೇಕು, ಎರಡನೇ ಪ್ರಶ್ನೆಗೂ ಅದು ಬಗ್ಗಬಾರದು. ಆ ವಾಕ್ಯ ಬರೆದುಕೊಡೋದೇ ನಿಮ್ಮ ಕೆಲಸ.

ಈಗ ಶೀಟ್‌ಗೆ ಬರೋಣ. 312 ಇದ್ದದ್ದು 168 ಆಗಿದೆ, ಅದು ನಿಜ. ಅರ್ಧಕ್ಕೆ ಹತ್ತಿರವೇ. ಆದರೆ ನಿಮ್ಮದೇ ಶೀಟ್‌ನ ಕೊನೆಯ ಕಾಲಂ ನೋಡಿ, ಲೈನ್ ಓಡಿದ ಗಂಟೆ. ಹೋದ ವರ್ಷ 5200, ಈ ವರ್ಷ 4200. ಆರ್ಡರ್ ಕಡಿಮೆ ಇದ್ದಾಗ ಮಾಲನ್ನ 3ನೇ ಲೈನ್‌ಗೆ ತಿರುಗಿಸಿ ನಿಮ್ಮ ಲೈನ್‌ನ ಎರಡು ತಿಂಗಳಿಗೂ ಜಾಸ್ತಿ ನಿಲ್ಲಿಸಿದ್ದರು ಅಂತ ಷರಾದಲ್ಲಿ ನೀವೇ ಬರೆದಿದ್ದೀರಿ. ನಿಂತ ಮೆಷಿನ್ ಕೆಡಲ್ಲ, ಅಲ್ವಾ? ಅದಕ್ಕೆ ಬರೀ ಗಂಟೆಗೆ ಗಂಟೆ ಹೋಲಿಸಬಾರದು. ಲೈನ್ 100 ಗಂಟೆ ಓಡಿದರೆ ಎಷ್ಟು ಗಂಟೆ ಬ್ರೇಕ್‌ಡೌನ್ ಅಂತ ನೋಡಬೇಕು. 312ನ್ನ 5200ರಿಂದ ಭಾಗಿಸಿ 100ರಿಂದ ಗುಣಿಸಿದರೆ ಹೋದ ವರ್ಷದ್ದು 6. ಹಾಗೇ 168ನ್ನ 4200ರಿಂದ ಭಾಗಿಸಿದರೆ ಈ ವರ್ಷದ್ದು 4. ಅರ್ಧ ಹೋಗಿ ಮೂರನೇ ಒಂದು ಭಾಗದ ಇಳಿಕೆ ಉಳಿಯಿತು.

ಅಷ್ಟಕ್ಕೇ ನಿಲ್ಲಿಸಿದರೂ ಸಾಲದು. ಹೋದ ವರ್ಷದ 312ರಲ್ಲಿ ಒಂದೇ ಘಟನೆಗೆ 60 ಗಂಟೆ ಹೋಗಿದೆ. ಕನ್ವೇಯರ್ ಗೇರ್‌ಬಾಕ್ಸ್ ಒಡೆದು, ಸ್ಪೇರ್ ಸ್ಟೋರ್‌ನಲ್ಲಿ ಇಲ್ಲದೆ, ಬೇರೆ ಊರಿಂದ ಬರೋವರೆಗೆ ಲೈನ್ ನಿಂತಿತ್ತು. ಈ ವರ್ಷ ಅದು ಒಡೆಯಲಿಲ್ಲ. ಹೊಸ ಗೇರ್‌ಬಾಕ್ಸ್ ಮೊದಲ ವರ್ಷದಲ್ಲೇ ಒಡೆಯದಿದ್ದರೆ ಅದು ನಿಮ್ಮ ಸಾಧನೆ ಆಗಲ್ಲ. ಒಂದು ಸ್ಪೇರ್ ಸ್ಟೋರ್‌ನಲ್ಲಿ ಇಡಿಸಿದ್ದು ನೀವಾಗಿದ್ದರೆ ಅದನ್ನ ಬೇರೆ ಸಾಲಲ್ಲಿ ಬರೀಬಹುದು, ಆದರೆ 60 ಗಂಟೆಯ ಲಾಭ ಅಂತ ಅಲ್ಲ.

ಉಳಿದದ್ದನ್ನ ನಾನು ಎರಡು ಗುಂಪು ಮಾಡಿದೆ. ಪ್ಯಾಕಿಂಗ್ ಮೆಷಿನ್‌ನ ಸೀಲಿಂಗ್ ಭಾಗದ ತೊಂದರೆ ಒಂದು ಕಡೆ, ಮಿಕ್ಕಿದ್ದೆಲ್ಲ ಇನ್ನೊಂದು ಕಡೆ. ಮಿಕ್ಕಿದ್ದು ಹೋದ ವರ್ಷ 182 ಗಂಟೆ, ಈ ವರ್ಷ 148. ಓಡಿದ ಗಂಟೆಗೆ ಹಾಕಿ ನೋಡಿದರೆ ಎರಡೂ ವರ್ಷ 100ಕ್ಕೆ ಮೂರೂವರೆ. ಒಂದಿಷ್ಟೂ ಇಳಿದಿಲ್ಲ! ಸೀಲಿಂಗ್ ಮಾತ್ರ 70 ಗಂಟೆಯಿಂದ 20ಕ್ಕೆ ಬಂದಿದೆ. ಲೈನ್ ಕಡಿಮೆ ಓಡಿದ್ದನ್ನ ಕಳೆದರೂ, ಹೋದ ವರ್ಷದ ದರದಲ್ಲೇ ಕೆಟ್ಟಿದ್ದರೆ ಈ ವರ್ಷ ಸೀಲಿಂಗ್‌ಗೆ ಸುಮಾರು 56 ಗಂಟೆ ಹೋಗಬೇಕಿತ್ತು, ಹೋದದ್ದು 20. ಅಂದರೆ ನಿಜವಾಗಿ ಉಳಿದದ್ದು ಸುಮಾರು 36 ಗಂಟೆ.

144 ಗಂಟೆ ಉಳಿಸಿದೆ ಅಂದುಕೊಂಡವರಿಗೆ 36 ಅಂದರೆ ಹೊಟ್ಟೆ ಉರಿಯುತ್ತೆ, ಗೊತ್ತು. ಆದರೆ ನಿಮ್ಮ ಮಂಡ್ಯದಲ್ಲಿ ಕಬ್ಬಿನ ಲಾರಿ ವೇಬ್ರಿಡ್ಜ್ ಹತ್ತಿದಾಗ ಲಾರಿ ತೂಕ ಕಳೆದೇ ತಾನೇ ದುಡ್ಡು ಕೊಡೋದು? ಲೈನ್ ನಿಂತಿದ್ದು, ಗೇರ್‌ಬಾಕ್ಸ್ ಒಡೆಯದೇ ಇದ್ದದ್ದು, ಇವೆಲ್ಲ ಲಾರಿ ತೂಕ. ಈ 36 ಗಂಟೆಯ ಹಿಂದೆ ಮಾತ್ರ ನಿಮ್ಮ ಕೈ ಕಾಣುತ್ತೆ, ಅದನ್ನ ತೋರಿಸೋಕೂ ಆಗುತ್ತೆ.

ಹೇಗೆ ತೋರಿಸೋದು? ಶೀಟ್‌ನ ಪ್ರಕಾರ ಜೂನ್‌ನಲ್ಲಿ ನೀವು ಸೀಲಿಂಗ್ ಭಾಗದ ಪಿಎಂ, ಅಂದರೆ ಕೆಡೋ ಮುಂಚೆಯೇ ಮಾಡೋ ಮೆಂಟೆನೆನ್ಸ್, ತಿಂಗಳಿಗೊಮ್ಮೆ ಇದ್ದದ್ದನ್ನ ಹದಿನೈದು ದಿನಕ್ಕೆ ತಂದಿರಿ. ಪ್ಯಾಕೆಟ್ ಬಾಯಿ ಒತ್ತಿ ಅಂಟಿಸೋ ಜಾ ಮೇಲೆ ಅಂಟಿದ ಫಿಲ್ಮ್ ತೆಗೆಯೋದು, ಟೆಫ್ಲಾನ್ ಟೇಪ್ ಬದಲಿಸೋದು, ಥರ್ಮೋಕಪಲ್ ಕನೆಕ್ಷನ್ ಬಿಗಿ ಇದೆಯಾ ನೋಡೋದು, ಇಷ್ಟನ್ನ ಚೆಕ್‌ಲಿಸ್ಟ್‌ಗೆ ಸೇರಿಸಿದಿರಿ. ಜೊತೆಗೆ, ಜಾ ಹಿಂದೆ ಮುಂದೆ ಆಡುವಾಗ ಹೀಟರ್ ವೈರ್ ಒಂದೇ ಕಡೆ ಮಡಚಿ ಮಡಚಿ ಒಳಗೇ ತುಂಡಾಗುತ್ತಿದ್ದದ್ದನ್ನ ಕಂಡು ವೈರ್ ದಾರಿ ಬದಲಿಸಿದಿರಿ. ಈಗ ತಿಂಗಳವಾರು ನೋಡಿ. ಏಪ್ರಿಲ್ ಮತ್ತು ಮೇ ಎರಡೇ ತಿಂಗಳಲ್ಲಿ ಸೀಲಿಂಗ್‌ಗೆ 9 ಗಂಟೆ ಹೋಗಿದೆ, ಜೂನ್‌ನಿಂದ ಮಾರ್ಚ್‌ವರೆಗೆ ಸೇರಿ 11. ಬದಲಾವಣೆ ಮಾಡಿದ ಮೇಲೇ ಇಳಿದಿದೆ. ನನ್ನ ಪ್ರಕಾರ ನಿಮ್ಮ ಇಡೀ ಫಾರ್ಮ್‌ನಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಇಳಿಕೆ ಏಪ್ರಿಲ್‌ನಲ್ಲೇ ಶುರುವಾಗಿದ್ದರೆ ಈ ಮಾತು ಬಿದ್ದೇ ಹೋಗುತ್ತಿತ್ತು. ಅದಕ್ಕೇ ವರ್ಷದ ಮೊತ್ತ ಒಂದನ್ನೇ ನೋಡಬೇಡಿ, ಕೆಲಸ ಮಾಡಿದ ತಾರೀಖಿನ ಹಿಂದೆ ಮುಂದೆ ನೋಡಿ.

ಒಂದು ಕಡೆ ಹುಷಾರಾಗಿರಿ. ನಿಮ್ಮ ಗಂಟೆಗೂ ಪ್ರೊಡಕ್ಷನ್‌ನವರ ಗಂಟೆಗೂ ವ್ಯತ್ಯಾಸ ಇದ್ದೇ ಇರುತ್ತೆ. ಮೆಂಟೆನೆನ್ಸ್‌ನವರು ಫೋನ್ ಬಂದಾಗಿಂದ ಮೆಷಿನ್ ವಾಪಸ್ ಕೊಡೋವರೆಗೆ ಬರೀತಾರೆ. ಪ್ರೊಡಕ್ಷನ್‌ನವರು ಲೈನ್ ನಿಂತ ಕ್ಷಣದಿಂದ ಮತ್ತೆ ಸರಿಯಾದ ಪ್ಯಾಕೆಟ್ ಬರೋವರೆಗೆ ಬರೀತಾರೆ, ಅದರಲ್ಲಿ ಟೆಂಪರೇಚರ್ ಏರೋ ಹೊತ್ತು, ಟ್ರಯಲ್ ಪ್ಯಾಕೆಟ್ ಎಲ್ಲ ಸೇರುತ್ತೆ. ನಿಮ್ಮ 20 ಅವರ ಹತ್ತಿರ 27 ಇರಬಹುದು. ಯಾವುದು ಸರಿ ಅನ್ನೋ ಜಗಳ ಬೇಡ. ಯಾವ ರಿಜಿಸ್ಟರ್‌ನಿಂದ ತೆಗೆದದ್ದು ಅಂತ ಬರೀರಿ, ಎರಡೂ ವರ್ಷಕ್ಕೂ ಅದೇ ರಿಜಿಸ್ಟರ್ ಬಳಸಿ. ನಿಮ್ಮಲ್ಲಿ ಸ್ಯಾಪ್ ಸಾಫ್ಟ್‌ವೇರ್ ಇದ್ದರೆ IW29 ಅನ್ನೋ ಕೋಡ್ ಹಾಕಿ ಆ ಮೆಷಿನ್‌ನ ನೋಟಿಫಿಕೇಶನ್ ಪಟ್ಟಿ ತೆಗೆಯಬಹುದು. ಆದರೆ ಬ್ರೇಕ್‌ಡೌನ್ ಗುರುತು ಟಿಕ್ ಮಾಡದೆ ಬಿಟ್ಟ ನೋಟಿಫಿಕೇಶನ್‌ಗಳು ಎಲ್ಲ ಕಡೆ ಇರ್ತವೆ, ಅವನ್ನ ಶಿಫ್ಟ್ ಲಾಗ್ ಜೊತೆ ಒಮ್ಮೆ ತಾಳೆ ನೋಡಿ. ಟಿಕ್ ಮರೆತದ್ದರಿಂದಲೇ ಬ್ರೇಕ್‌ಡೌನ್ ‘ಇಳಿದ’ ಲೈನ್‌ಗಳನ್ನ ನಾನು ನೋಡಿದ್ದೀನಿ.

ಇನ್ನು ‘ನಾನೇ’ ವಿಷಯ. ವೈರ್ ಒಂದೇ ಕಡೆ ತುಂಡಾಗ್ತಿದೆ ಅಂತ ಮೊದಲು ಹೇಳಿದ್ದು ನೈಟ್ ಶಿಫ್ಟ್ ಆಪರೇಟರ್ ಅಂತ ಶೀಟ್‌ನ ಷರಾದಲ್ಲೇ ಇದೆ. ಹದಿನೈದು ದಿನಕ್ಕೊಮ್ಮೆ ಮೈಕೈ ಮಸಿ ಮಾಡಿಕೊಂಡು ಪಿಎಂ ಮಾಡಿದ್ದು ಇಬ್ಬರು ಟೆಕ್ನಿಷಿಯನ್‌ಗಳು. ಅದಕ್ಕೆ ಲೈನ್ ಬಿಡಿಸಿಕೊಟ್ಟದ್ದು ಬಹುಶಃ ನಿಮ್ಮ ಮ್ಯಾನೇಜರೇ. ಅವರಿಗೆ ಈ ಕಥೆ ನಿಮಗಿಂತ ಚೆನ್ನಾಗಿ ಗೊತ್ತು. ಎಲ್ಲರ ಹೆಸರು ಹಾಕಿ ಉದ್ದುದ್ದ ಥ್ಯಾಂಕ್ಸ್ ಹೇಳೋದೂ ಬೇಕಿಲ್ಲ. ಯಾರು ಏನು ಮಾಡಿದರು ಅಂತ ಒಂದೊಂದು ಕ್ರಿಯಾಪದದಲ್ಲಿ ಹೇಳಿ: ಅವರು ಗಮನಕ್ಕೆ ತಂದರು, ನಾನು ಕಾರಣ ಹುಡುಕಿ ಚೆಕ್‌ಲಿಸ್ಟ್ ಬದಲಿಸಿದೆ, ಅವರು ಮಾಡಿದರು. ‘ತಂಡದ ಸಹಕಾರದಿಂದ’ ಅನ್ನೋ ಮಾತು ಮಾತ್ರ ಬೇಡ. ಅದನ್ನ ಓದಿದರೆ ನೀವು ಏನು ಮಾಡಿದಿರಿ ಅನ್ನೋದೂ ಗೊತ್ತಾಗಲ್ಲ, ಅವರು ಏನು ಮಾಡಿದರು ಅನ್ನೋದೂ ಗೊತ್ತಾಗಲ್ಲ.

ಎಲ್ಲ ಸೇರಿಸಿದರೆ ಹೀಗಾಗುತ್ತೆ. ನಿಮ್ಮ ಫಾರ್ಮ್ ಇಂಗ್ಲಿಷಲ್ಲಿದ್ದರೆ ಇದೇ ಕ್ರಮದಲ್ಲಿ ಇಂಗ್ಲಿಷಲ್ಲಿ ಬರೀರಿ:

‘2ನೇ ಲೈನ್‌ನಲ್ಲಿ ಸೀಲಿಂಗ್ ಭಾಗದ ಬ್ರೇಕ್‌ಡೌನ್ 70 ಗಂಟೆಯಿಂದ 20 ಗಂಟೆಗೆ ಇಳಿದಿದೆ. ಈ ವರ್ಷ ಲೈನ್ ಕಡಿಮೆ ಓಡಿದ್ದನ್ನು ಲೆಕ್ಕಕ್ಕೆ ಹಿಡಿದರೆ ಉಳಿತಾಯ ಸುಮಾರು 36 ಗಂಟೆ. ಹೀಟರ್ ವೈರ್ ಒಂದೇ ಕಡೆ ತುಂಡಾಗುವುದನ್ನು ಆಪರೇಟರ್ ಗಮನಕ್ಕೆ ತಂದರು. ನಾನು ವೈರ್ ದಾರಿ ಬದಲಿಸಿ, ಜೂನ್‌ನಿಂದ ಪಿಎಂ ಅನ್ನು ಹದಿನೈದು ದಿನಕ್ಕೆ ತಂದು ಚೆಕ್‌ಲಿಸ್ಟ್ ತಿದ್ದಿದೆ. ಇಬ್ಬರು ಟೆಕ್ನಿಷಿಯನ್‌ಗಳು ಅದನ್ನು ನಡೆಸಿದರು. 20ರಲ್ಲಿ 9 ಗಂಟೆ ಬದಲಾವಣೆಗೆ ಮುಂಚಿನ ಎರಡು ತಿಂಗಳದ್ದು. ಲೈನ್‌ನ ಒಟ್ಟು ಬ್ರೇಕ್‌ಡೌನ್ 312ರಿಂದ 168ಕ್ಕೆ ಇಳಿದಿದ್ದರೂ ಅದರಲ್ಲಿ ಹೋದ ವರ್ಷದ ಗೇರ್‌ಬಾಕ್ಸ್ ಘಟನೆ ಮತ್ತು ಲೈನ್ ನಿಂತ ಅವಧಿಯ ಪಾಲು ದೊಡ್ಡದು. ಸೀಲಿಂಗ್ ಮತ್ತು ಆ ಗೇರ್‌ಬಾಕ್ಸ್ ಘಟನೆ ಬಿಟ್ಟು ಉಳಿದ ಭಾಗಗಳ ದರ ಬದಲಾಗಿಲ್ಲ. ಆಧಾರ: ಮೆಂಟೆನೆನ್ಸ್ ಬ್ರೇಕ್‌ಡೌನ್ ರಿಜಿಸ್ಟರ್, ಎರಡೂ ವರ್ಷ.’

‘ಆಧಾರ’ಕ್ಕೆ ಮುಂಚಿನ ಎರಡು ಮಾತು ಹಾಕೋಕೆ ಮನಸ್ಸು ಬರಲ್ಲ ಅಲ್ವಾ? ಹಾಕಿ. ಪ್ರೊಡಕ್ಷನ್ ಹೆಡ್ ಕೇಳಬಹುದಾದ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತೆ. ‘ಉಳಿದ ಭಾಗಗಳ ದರ ಬದಲಾಗಿಲ್ಲ’ ಅನ್ನೋದು ಮುಂದಿನ ವರ್ಷದ ಗುರಿಯೂ ಆಗುತ್ತೆ. ಎಲ್ಲವೂ ಅರ್ಧಕ್ಕೆ ಇಳಿದುಬಿಟ್ಟಿದೆ ಅಂತ ಈ ವರ್ಷವೇ ಬರೆದುಕೊಟ್ಟರೆ, ಮುಂದಿನ ವರ್ಷ ಲೈನ್ ಪೂರ್ತಿ ಓಡಿ 168 ಮತ್ತೆ 200 ದಾಟಿದಾಗ ‘ಏನಪ್ಪಾ, ಕೈ ಬಿಟ್ಟೆಯಾ’ ಅನ್ನಿಸಿಕೊಳ್ಳೋರು ನೀವೇ. ಲೆಕ್ಕ ಹಾಕಿ ನೋಡಿ, ಈಗಿನ ದರದಲ್ಲೇ 5200 ಗಂಟೆ ಓಡಿದರೂ ಬ್ರೇಕ್‌ಡೌನ್ 208 ಗಂಟೆ ಆಗುತ್ತೆ.

ಕಂಪ್ರೆಸರ್ ‘ಲಕ್ಷಗಟ್ಟಲೆ’ಗೆ ಬರೋಣ. ನೀವು ಮಾಡಿದ್ದು ಒಳ್ಳೇ ಕೆಲಸವೇ: ಲೀಕ್‌ಗಳನ್ನ ಮುಚ್ಚಿಸಿ ಪ್ರೆಷರ್‌ನ 7.5 ಬಾರ್‌ನಿಂದ 6.5ಕ್ಕೆ ಇಳಿಸಿದ್ದೀರಿ. ಆದರೆ ಆ ಲಕ್ಷ ಎಲ್ಲಿಂದ ಬಂತು ಅಂತ ಹುಡುಕಿದರೆ ಶೀಟ್‌ನಲ್ಲಿ ಎಲ್ಲೂ ಇಲ್ಲ. ಈ ಒತ್ತಡದ ಆಸುಪಾಸಿನಲ್ಲಿ ಓಡೋ ಮಾಮೂಲಿ ಸ್ಕ್ರೂ ಕಂಪ್ರೆಸರ್‌ನಲ್ಲಿ ಒಂದು ಬಾರ್ ಇಳಿಸಿದರೆ ಕರೆಂಟು ಸುಮಾರು ನೂರಕ್ಕೆ ಆರೇಳು ಭಾಗ ಉಳಿಯುತ್ತೆ ಅನ್ನೋದು ಈ ಕೆಲಸದವರೆಲ್ಲ ಬಳಸೋ ಅಂದಾಜು. ನಿಮ್ಮದು 37 ಕಿಲೋವ್ಯಾಟ್ ಮೆಷಿನ್, ಸರಾಸರಿ 30 ಎಳೆಯುತ್ತೆ ಅಂತಿಟ್ಟುಕೊಳ್ಳಿ. ಅದರ 7 ಭಾಗ ಅಂದರೆ 2.1 ಕಿಲೋವ್ಯಾಟ್. 4200 ಗಂಟೆಗೆ ಸುಮಾರು 8800 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೆ ಅರವತ್ತು ಸಾವಿರದ ಆಸುಪಾಸು. ಈ 7 ರೂಪಾಯಿ ನಾನು ಉದಾಹರಣೆಗೆ ಹಿಡಿದದ್ದು. ನೀವು ಚೆಸ್ಕಾಂ ಬಿಲ್‌ನಲ್ಲಿ ಯೂನಿಟ್ ದರ ನೋಡಿ ಅದನ್ನೇ ಹಾಕಿ. ಡಿಮ್ಯಾಂಡ್ ಚಾರ್ಜ್ ಸೇರಿಸಿ ಹಿಗ್ಗಿಸಬೇಡಿ, ಪ್ರೆಷರ್ ಇಳಿಸಿದರೆ ಅದು ತಾನಾಗೇ ಇಳಿಯಲ್ಲ.

ಇದನ್ನ ಫಾರ್ಮ್‌ನಲ್ಲಿ ಹಾಕುವಾಗ ‘ಅಂದಾಜು’ ಅನ್ನೋ ಪದ ಬಿಡಬೇಡಿ. ಕಂಪ್ರೆಸರ್‌ಗೆ ಬೇರೆ ಮೀಟರ್ ಇಲ್ಲ ಅಂತ ನೀವೇ ಬರೆದಿದ್ದೀರಿ. ಅಳೆದ ಉಳಿತಾಯ ಬೇರೆ, ಲೆಕ್ಕ ಹಾಕಿದ ಉಳಿತಾಯ ಬೇರೆ. ಜೊತೆಗೆ, ಪ್ರೆಷರ್ ಇಳಿಸಿದ ಮೇಲೆ ಲೈನ್ ಕೊನೆಯಲ್ಲಿರೋ ಸಿಲಿಂಡರ್‌ಗಳು ನಿಧಾನ ಆದವಾ ಅಂತ ಯಾರಾದರೂ ಕೇಳೇ ಕೇಳ್ತಾರೆ. ಅದಕ್ಕೆ ಸಂಬಂಧಿಸಿದ ದೂರು ಒಂದೂ ಬಂದಿಲ್ಲದಿದ್ದರೆ ಅದನ್ನೂ ಒಂದು ಸಾಲಲ್ಲಿ ಸೇರಿಸಿ. ಬಂದಿದ್ದರೆ, ಏನು ಸರಿಮಾಡಿದಿರಿ ಅಂತ ಸೇರಿಸಿ.

ಹುಡುಗರಿಗೆ ಕಲಿಸಿದ್ದಕ್ಕೆ ಟ್ರೈನಿಂಗ್ ಅಟೆಂಡೆನ್ಸ್ ಶೀಟ್ ಲಗತ್ತಿಸಬೇಡಿ, ಅದು ಕೂತಿದ್ದಕ್ಕೆ ಸಾಕ್ಷಿ. ಸ್ಕಿಲ್ ಮ್ಯಾಟ್ರಿಕ್ಸ್‌ನಲ್ಲಿ ಅವರು ‘ಜೊತೆಗೆ ಇದ್ದು ಮಾಡ್ತಾರೆ’ಯಿಂದ ‘ಒಬ್ಬರೇ ಮಾಡ್ತಾರೆ’ಗೆ ಬಂದಿದ್ದರೆ ಯಾವ ಕೆಲಸಕ್ಕೆ ಅಂತ ಬರೀರಿ. ನೈಟ್ ಶಿಫ್ಟ್‌ನಲ್ಲಿ ನಿಮ್ಮನ್ನ ಫೋನ್ ಮಾಡಿ ಎಬ್ಬಿಸೋದು ಕಡಿಮೆ ಆಗಿದ್ದರೆ ಅದು ಇನ್ನೂ ಒಳ್ಳೇ ಸಾಕ್ಷಿ. ಇಲ್ಲೊಂದು ತಮಾಷೆ ಇದೆ ನೋಡಿ: ‘ನಾನಿಲ್ದೆ ಇದ್ರೆ ಲೈನ್ ಮಲಗ್ತಿತ್ತು’ ಅಂತಲೂ ಬರೆದು, ‘ಹುಡುಗರಿಗೆಲ್ಲ ನಾನೇ ಕಲಿಸಿದ್ದು’ ಅಂತಲೂ ಬರೆದರೆ ಒಂದು ಇನ್ನೊಂದನ್ನ ಹೊಡೆದುಹಾಕುತ್ತೆ. ಕಲಿಸಿದ್ದು ನಿಜವಾದರೆ ನೀವಿಲ್ಲದಾಗ ಲೈನ್ ಮಲಗಬಾರದಲ್ವಾ?

ದಸರಾ ಡ್ಯೂಟಿಯನ್ನ ಸಾಧನೆ ಪಟ್ಟಿಯಿಂದ ತೆಗೆಯಿರಿ. ಮೈಸೂರಲ್ಲಿ ಜಂಬೂ ಸವಾರಿ ದಿನ ಡ್ಯೂಟಿ ಮಾಡೋದು ಬೇಜಾರೇ, ಒಪ್ಪಿದೆ. ಆದರೆ ಅದಕ್ಕೆ ಕಾಂಪ್ ಆಫ್ ಅಥವಾ ಓಟಿ ಸಿಕ್ಕಿರುತ್ತೆ. ಆ ದಿನಗಳಲ್ಲಿ ಏನಾದರೂ ದೊಡ್ಡದು ಕೆಟ್ಟು ನೀವು ಸರಿಮಾಡಿದ್ದರೆ ತಾರೀಖು, ನಿಂತ ಹೊತ್ತು, ಮಾಡಿದ ಕೆಲಸ ಬರೀರಿ. ಸುಮ್ನೆ ಹಾಜರಿ ಇದ್ದದ್ದಾದರೆ ಬೇಡ.

ನಿಮ್ಮ ಟಿಪ್ಪಣಿಯಲ್ಲಿ ಒಂದು ದೊಡ್ಡ ವಿಷಯ ಇಲ್ಲವೇ ಇಲ್ಲ. ಶೀಟ್‌ನ ಎರಡನೇ ಪುಟದಲ್ಲಿ ಪಿಎಂ ಪೂರೈಕೆಯ ಗುರಿ ನೂರಕ್ಕೆ 95 ಇದೆ, ಆಗಿರೋದು 88. ನೀವು ಬಿಟ್ಟರೂ ಮ್ಯಾನೇಜರ್ ಬಿಡಲ್ಲ, ಅವರ ಪರದೆ ಮೇಲೆ ಅದು ಕೆಂಪಾಗಿ ಕೂತಿರುತ್ತೆ. ನೀವೇ ಮೊದಲು ಬರೆದರೆ ಕಾರಣ ಹೇಳೋ ಅವಕಾಶ ನಿಮ್ಮದು. ಆದರೆ ಕಾರಣ ಹೇಳುವಾಗ ‘ಪ್ರೊಡಕ್ಷನ್‌ನವರು ಲೈನ್ ಬಿಡಲಿಲ್ಲ’ ಅಂತ ಒಂದೇ ಮಾತಲ್ಲಿ ಅವರ ಮೇಲೆ ಹಾಕಬೇಡಿ. ತಪ್ಪಿದ ಪಿಎಂಗಳನ್ನ ವಿಂಗಡಿಸಿ. ಎಷ್ಟಕ್ಕೆ ಲೈನ್ ಸಿಗಲಿಲ್ಲ, ಎಷ್ಟಕ್ಕೆ ಸ್ಪೇರ್ ಇರಲಿಲ್ಲ, ಎಷ್ಟು ನಿಮ್ಮ ಕಡೆಯಿಂದಲೇ ತಪ್ಪಿತು. ಹದಿನೈದು ದಿನದ ಪಿಎಂ ಶುರು ಮಾಡಿದ್ದರಿಂದ ಒಟ್ಟು ಪಿಎಂ ಸಂಖ್ಯೆಯೇ ಜಾಸ್ತಿ ಆಗಿ, ಅದೇ ಜನಕ್ಕೆ ಹೊರೆ ಆಗಿ, ಬೇರೆ ಮೆಷಿನ್‌ಗಳ ಪಿಎಂ ಹಿಂದೆ ಬಿದ್ದಿರಲೂಬಹುದು. ಹಾಗಾಗಿದ್ದರೆ ಅದನ್ನ ಧೈರ್ಯವಾಗಿ ಹೇಳಿ. ಸೀಲಿಂಗ್‌ನಲ್ಲಿ ಸಿಕ್ಕ 36 ಗಂಟೆಗೆ ತೆತ್ತ ಬೆಲೆ ಅದು, ಮ್ಯಾನೇಜರ್‌ಗೆ ಒಬ್ಬ ಟೆಕ್ನಿಷಿಯನ್ ಜಾಸ್ತಿ ಕೇಳೋಕೆ ಆಧಾರವೂ ಆಗಬಹುದು.

ರೇಟಿಂಗ್ ಕಾಲಂನಲ್ಲಿ ಏನು ಹಾಕೋದು ಅಂತ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಪಿಎಂ ಗುರಿ ತಪ್ಪಿರುವಾಗ ಎಲ್ಲದಕ್ಕೂ 5 ಹಾಕಿದರೆ ಮೇಲೆ ಬರೆದದ್ದೆಲ್ಲ ಹಗುರ ಆಗುತ್ತೆ. ಒಂದೊಂದು ಗುರಿಗೂ ಬೇರೆ ಬೇರೆ ಹಾಕಿ, ಪಿಎಂಗೆ ಕಡಿಮೆ ಹಾಕಿ, ಸೀಲಿಂಗ್ ಕೆಲಸ ಇರೋ ಗುರಿಗೆ ಜಾಸ್ತಿ ಹಾಕೋಕೆ ಸಂಕೋಚ ಬೇಡ.

ಶುಕ್ರವಾರಕ್ಕೆ ಮುಂಚೆ ಒಂದು ಕೆಲಸ ಬಾಕಿ ಇದೆ. ಆ 70 ಮತ್ತು 20ನ್ನ ಪ್ರೊಡಕ್ಷನ್ ಶಿಫ್ಟ್ ಇನ್‌ಚಾರ್ಜ್‌ಗೆ ತೋರಿಸಿ, ಅವರ ರಿಜಿಸ್ಟರ್‌ನಲ್ಲಿ ಎಷ್ಟಿದೆ ಅಂತ ಕೇಳಿ. ಅವರದು ಬೇರೆ ಇದ್ದರೆ ಅದನ್ನೂ ಪಕ್ಕದಲ್ಲಿ ಬರೀರಿ. ಲಗತ್ತಿಸೋದು ಆ ಒಂದು ತಿಂಗಳವಾರು ಪುಟ ಸಾಕು, ಅದನ್ನ ಕಂಪನಿ ಮೇಲ್‌ನಿಂದಲೇ ಕಳಿಸಿ. ನನಗೆ ಕಳಿಸಿದ ಹಾಗೆ ಫೋನ್‌ನಲ್ಲಿ ಫೋಟೋ ತೆಗೆದು ಕಳಿಸೋ ಅಭ್ಯಾಸ ಬಿಡಿ, ಕಂಪನಿ ಲೆಕ್ಕ ಹೊರಗೆ ಹೋಗೋದು ಯಾರಿಗೂ ಇಷ್ಟ ಆಗಲ್ಲ.